ಗದಗ–ಹುಬ್ಬಳ್ಳಿ ದಾರಿ: ಟೋಲ್ ಬೇಡ ಅಂತ ಹಾಕಿದರೆ ಮ್ಯಾಪ್ ಹೊಲದೊಳಗೆ ಇಳಿಸುತ್ತಿದೆ, ಏನು ಮಾಡಬೇಕು?

ಬೆಟಗೇರಿ ಅಕ್ಕ

ಎಲ್ಲರಿಗೂ ನಮಸ್ಕಾರ. ಅವ್ವನ ಆಸ್ಪತ್ರೆ ಕೆಲಸಕ್ಕೆ ಗದಗದಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಆಗಾಗ ಹೋಗಬೇಕಾಗುತ್ತದೆ. ದಾರಿ ಗೊತ್ತಿರುವುದೇ, ಆದರೆ ಹುಬ್ಬಳ್ಳಿ ಒಳಗಿನ ಟ್ರಾಫಿಕ್ ನೋಡಿಕೊಳ್ಳಲು ಮ್ಯಾಪ್ ಹಾಕಿರುತ್ತೇನೆ. ನಮ್ಮ ತಮ್ಮ ಈಚೆಗೆ ನನ್ನ ಫೋನಿನಲ್ಲಿ "Avoid tolls" ಆನ್ ಮಾಡಿಕೊಟ್ಟ. ಮುಂದಿನ ಸಲ ಅಣ್ಣಿಗೇರಿ ದಾಟಿದ ಮೇಲೆ ಮ್ಯಾಪ್ ಹೆದ್ದಾರಿ ಬಿಡಿಸಿ ಹಳ್ಳಿ ರಸ್ತೆಗೆ ಇಳಿಸಿತು. ಮೊದಲು ಡಾಂಬರು ಇತ್ತು, ಆಮೇಲೆ ಖಡಿ, ಆಮೇಲೆ ಬರೀ ಎರೆ ಮಣ್ಣು. ಹಿಂದಿನ ದಿನ ಮಳೆಯಾಗಿತ್ತು. ಗಾಲಿಗೆ ಮಣ್ಣು ಮೆತ್ತಿ ಮಡ್‌ಗಾರ್ಡ್ ಒಳಗೆ ತುಂಬಿ ಗಾಡಿ ನಿಂತೇಬಿಟ್ಟಿತು. ಟ್ರಾಕ್ಟರ್‌ನವರು ಬಂದು ಎಳೆದರು.

ಕೇಳುವುದು ಇಷ್ಟೇ. ಟೋಲ್ ಬೇಡ ಅಂದರೆ ಒಳ್ಳೆಯ ರಸ್ತೆಯಲ್ಲೇ ಸುತ್ತು ಹಾಕಿಸು ಅಂತ ಹೇಳುವ ದಾರಿ ಏನಾದರೂ ಇದೆಯಾ? ಇನ್ನೊಂದು, ನಮ್ಮ ಅಪ್ಪ ಊರೊಳಗೆ ಸೈಕಲ್ ಮೇಲೆ ಓಡಾಡುತ್ತಾರೆ. ಅವರ ಫೋನಿನಲ್ಲಿ ಸೈಕಲ್ ಚಿತ್ರವೇ ಬರುತ್ತಿಲ್ಲ. ಅದು ಯಾಕೆ?

ಬುಲೆಟ್ ಬಸು

ಅಕ್ಕಾ, ಸಿಂಪಲ್. ಹಸಿರು ಎಲೆ ಇರುವ ದಾರಿ ಆರಿಸಿಕೊಳ್ಳಿ, ಅದರಲ್ಲಿ ಟೋಲ್ ಇರುವುದಿಲ್ಲ. ಜೊತೆಗೆ "Avoid highways" ಕೂಡ ಆನ್ ಮಾಡಿ. ಹೆದ್ದಾರಿನೇ ಇಲ್ಲ ಅಂದಮೇಲೆ ಟೋಲ್ ಎಲ್ಲಿಂದ ಬರಬೇಕು? ನಾನು ಬೈಕಿನಲ್ಲಿ ಎರಡನ್ನೂ ಯಾವಾಗಲೂ ಆನ್ ಇಟ್ಟಿರುತ್ತೇನೆ, ಒಂದು ರೂಪಾಯಿ ಟೋಲ್ ಕೊಟ್ಟಿಲ್ಲ.

ಸ್ಟೇರಿಂಗ್ ಮಾಮಾ

ಬಸು, ನೀನು ಟೋಲ್ ಕೊಡದೇ ಇರುವುದಕ್ಕೆ ಮ್ಯಾಪ್ ಕಾರಣ ಅಲ್ಲಪ್ಪಾ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲೇ ಇಲ್ಲ. 2008ರ ಶುಲ್ಕ ನಿಯಮದಲ್ಲೇ ಬೈಕು, ಆಟೊ, ಟ್ರಾಕ್ಟರು, ಎತ್ತಿನ ಗಾಡಿ ಇವನ್ನೆಲ್ಲ ಬಿಟ್ಟಿದ್ದಾರೆ. ಪ್ಲಾಜಾ ಪಕ್ಕದ ಸಣ್ಣ ಲೇನ್‌ನಲ್ಲಿ ನೀನು ನುಸುಳಿ ಹೋಗುವುದಿಲ್ಲವೇನು? ಹಾಗಿದ್ದಾಗ ಟೋಲ್ ತಪ್ಪಿಸು ಅಂತ ಹಾಕಿಕೊಂಡರೆ ಇಲ್ಲದ ಖರ್ಚು ಉಳಿಸಲು ಸುಮ್ನೆ ಸುತ್ತು ಹಾಕಿದ ಹಾಗೆ.

ಎಲೆ ಅಂದರೆ ಆ ದಾರಿಯಲ್ಲಿ ಎಣ್ಣೆ ಕಡಿಮೆ ಸುಡುತ್ತದೆ ಅಂತ ಅದರ ಲೆಕ್ಕ. ಟೋಲ್‌ಗೂ ಅದಕ್ಕೂ ಸಂಬಂಧ ಇಲ್ಲ. ನಾಲ್ಕು ಪಥದ ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಎಣ್ಣೆ ಕಡಿಮೆ ಸುಡುತ್ತದೆ, ಹಾಗಾಗಿ ಟೋಲ್ ಇರುವ ದಾರಿಗೇ ಎಲೆ ಬರುವುದೂ ಉಂಟು.

ಅಕ್ಕಾರ, ನಾನು ಹುಬ್ಬಳ್ಳಿಯಲ್ಲಿ ಕ್ಯಾಬ್ ಓಡಿಸುತ್ತೇನೆ. ನಿಮ್ಮದು ಯಾವ ಆ್ಯಪ್ ಅಂತ ಹೇಳಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಹೇಗೆ ಅಂತ ಹೇಳುತ್ತೇನೆ, ಬೇರೆದರಲ್ಲೂ ಹೆಚ್ಚುಕಡಿಮೆ ಇದೇ ಇರುತ್ತದೆ. ಊರು ಹಾಕಿ "Directions" ಒತ್ತಿ. ಮೇಲೆ ಎಲ್ಲಿಂದ ಎಲ್ಲಿಗೆ ಅನ್ನುವ ಪೆಟ್ಟಿಗೆ ಬರುತ್ತದಲ್ಲ, ಅದರ ಪಕ್ಕ ಮೂರು ಚುಕ್ಕಿ ಇರುತ್ತವೆ. ಅಲ್ಲಿ "Options" ಅಥವಾ "Route options". ಅದರೊಳಗೆ ಟೋಲ್, ಹೆದ್ದಾರಿ, ದೋಣಿ ತಪ್ಪಿಸುವ ಗುಂಡಿಗಳಿವೆ. ಕೆಲವರ ಫೋನಿನಲ್ಲಿ "highways" ಬದಲು "motorways" ಅಂತ ಇರುತ್ತದೆ, ಎರಡೂ ಒಂದೇ. ಕೆಳಗೆ "Remember settings" ಅಂತ ಇದ್ದರೆ ಅದನ್ನು ತಪ್ಪದೇ ನೋಡಿ. ತಮ್ಮ ಒಮ್ಮೆ ಆನ್ ಮಾಡಿಕೊಟ್ಟಿದ್ದು ಹಾಗೇ ಉಳಿದುಕೊಳ್ಳುವುದು ಅದರಿಂದಲೇ. ನನ್ನ ಗಾಡಿ ಹತ್ತುವ ಎಷ್ಟೋ ಮಂದಿ "ಯಾಕೋ ಈಚೆಗೆ ಮ್ಯಾಪ್ ವಿಚಿತ್ರ ದಾರಿ ತೋರಿಸುತ್ತದೆ" ಅನ್ನುತ್ತಾರೆ. ಫೋನ್ ಇಸಿದುಕೊಂಡು ನೋಡಿದರೆ ಯಾವಾಗಲೋ ಆನ್ ಮಾಡಿದ ಗುಂಡಿ ಹಾಗೇ ಇರುತ್ತದೆ.

ನಿವೃತ್ತ ಮೇಷ್ಟ್ರು ಧಾರವಾಡ

ನಾನು ಐವತ್ತು ವರ್ಷದಿಂದ ಟೋಲ್ ನಾಕಾ ಹತ್ತಿರ ಇದ್ದೇನೆ. ಅಲ್ಲಿ ಯಾರೂ ಟೋಲ್ ತೆಗೆದುಕೊಳ್ಳುವುದಿಲ್ಲ. ನಿಮ್ಮ ಆ್ಯಪ್ ಯಾಕೆ ಅದನ್ನು ತಪ್ಪಿಸಬೇಕು? ಹುಬ್ಬಳ್ಳಿಯಿಂದ ಬರುವವರು ನಿರಾತಂಕವಾಗಿ ಬನ್ನಿ.

ಸ್ಟೇರಿಂಗ್ ಮಾಮಾ

ಸರ, ನಿಮ್ಮ ಟೋಲ್ ನಾಕಾ ಹೆಸರಿಗೆ ಮಾತ್ರ. ಮ್ಯಾಪ್‌ಗೂ ಅದು ಬರೀ ಒಂದು ಊರಭಾಗ, ಟೋಲ್ ಅಂತ ಲೆಕ್ಕ ಇಲ್ಲ. ಅಕ್ಕ ಕೇಳುತ್ತಿರುವುದು ಗದಗ ರಸ್ತೆಯ ನಲವಡಿ ಪ್ಲಾಜಾ ಬಗ್ಗೆ.

ನಿವೃತ್ತ ಮೇಷ್ಟ್ರು ಧಾರವಾಡ

ಸರಿ ಸರಿ. ನಲವಡಿ ಅಂತ ಮೊದಲೇ ಬರೆದಿದ್ದರೆ ಗೊತ್ತಾಗುತ್ತಿತ್ತು.

ನಕ್ಷೆ ಹುಡುಗ

ನಾನು ಬಿಡುವಿದ್ದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಲ್ಲಿ ನಮ್ಮ ಕಡೆಯ ರಸ್ತೆಗಳನ್ನು ತಿದ್ದುತ್ತಿರುತ್ತೇನೆ. ಬೆಟಗೇರಿ ಅಕ್ಕನಿಗೆ ಆಗಿದ್ದು ಯಾಕೆ ಅಂತ ಸ್ವಲ್ಪ ಹೇಳುತ್ತೇನೆ.

ಆ್ಯಪ್‌ಗೆ ರಸ್ತೆ ಅಂದರೆ ತುಂಡು ತುಂಡು ಗೆರೆಗಳು. ಪ್ರತಿ ತುಂಡಿಗೂ ಇಷ್ಟು ಹೊತ್ತು ಅಂತ ಒಂದು ಬೆಲೆ ಇರುತ್ತದೆ. ಟೋಲ್ ತಪ್ಪಿಸು ಅಂದರೆ ಟೋಲ್ ಗುರುತು ಇರುವ ತುಂಡಿನ ಬೆಲೆಯನ್ನು ಭಾಳ ಏರಿಸುತ್ತದೆ. ಆಮೇಲೆ ಒಟ್ಟು ಬೆಲೆ ಕಡಿಮೆ ಆಗುವ ದಾರಿ ಹುಡುಕುತ್ತದೆ. ಪ್ಲಾಜಾದ ಅಕ್ಕಪಕ್ಕ ಹೆದ್ದಾರಿ ಬಿಟ್ಟು ಹಳ್ಳಿ ಮೇಲೆ ಹೋಗಿ ಮತ್ತೆ ಹೆದ್ದಾರಿಗೆ ಸೇರುವ ಗೆರೆ ಒಂದಿದ್ದರೆ ಅದೇ ಎಲ್ಲಕ್ಕಿಂತ ಸಣ್ಣ ಸುತ್ತು. ಆ ಗೆರೆ ಡಾಂಬರೋ ಬಂಡಿ ದಾರಿಯೋ ಅನ್ನುವುದು ಅದಕ್ಕೆ ಗೊತ್ತಿದ್ದರೆ ತಾನೆ? ಉಪಗ್ರಹ ಚಿತ್ರದಲ್ಲಿ ಬೇಸಿಗೆಯ ಎರೆ ದಾರಿ ಬೆಳ್ಳಗೆ, ಅಗಲವಾಗಿ, ಚೆಂದದ ರಸ್ತೆಯ ಹಾಗೆ ಕಾಣುತ್ತದೆ. ಅದೇ ದಾರಿ ಶ್ರಾವಣದಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತು.

ಇನ್ನೊಂದು ವಿಷಯ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಟೋಲ್ ಅನ್ನು ಎರಡು ರೀತಿ ಗುರುತಿಸುತ್ತಾರೆ. ಒಂದು, ಪ್ಲಾಜಾ ನಿಂತ ಜಾಗಕ್ಕೆ `barrier=toll_booth`. ಇನ್ನೊಂದು, ಇಡೀ ರಸ್ತೆಗೆ `toll=yes`. ಯಾರಾದರೂ ಹೆದ್ದಾರಿ ಉದ್ದಕ್ಕೂ `toll=yes` ಹಾಕಿದ್ದರೆ ಆ್ಯಪ್ ಅಷ್ಟೂ ಹೆದ್ದಾರಿಯನ್ನೇ ಬಿಟ್ಟು ಬೇರೆ ಕಡೆಯಿಂದ ದೊಡ್ಡ ಸುತ್ತು ಹಾಕಿಸುತ್ತದೆ. ಪ್ಲಾಜಾ ಹತ್ತಿರದ ತುಂಡಿಗೆ ಮಾತ್ರ ಹಾಕಿದ್ದರೆ ಅಕ್ಕನಿಗೆ ಆದ ಹಾಗೆ ಪ್ಲಾಜಾ ಪಕ್ಕದಲ್ಲೇ ನುಸುಳಿಸುತ್ತದೆ. ಅಂದರೆ ಗುಂಡಿ ಒಂದೇ ಆದರೂ ಆ್ಯಪ್‌ಗೊಂದು, ಊರಿಗೊಂದು ದಾರಿ ಬರುತ್ತದೆ. ಗೂಗಲ್ ತನ್ನ ಒಳಗಿನ ಗುರುತು ತೋರಿಸುವುದಿಲ್ಲ, ಆದರೆ ಬರುವ ದಾರಿ ನೋಡಿದರೆ ನಡೆಯುವ ರೀತಿ ಇದೇ ಇದ್ದ ಹಾಗಿದೆ.

ಬೆಟಗೇರಿ ಅಕ್ಕ

ಈಗ ಅರ್ಥ ಆಯಿತು. ಹಾಗಾದರೆ ಒಳ್ಳೆಯ ರಸ್ತೆಯ ಸುತ್ತು ಯಾವುದು? ನವಲಗುಂದದ ಮೇಲೆ ಬಂದರೆ ಹೇಗೆ?

ಸ್ಟೇರಿಂಗ್ ಮಾಮಾ

ಲೆಕ್ಕ ಹಾಕೋಣ ಬನ್ನಿ. ಹೆದ್ದಾರಿಯಲ್ಲಿ ಗದಗ–ಹುಬ್ಬಳ್ಳಿ ಸುಮಾರು 58 ಕಿ.ಮೀ. ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗಿ ಅಲ್ಲಿಂದ ಹುಬ್ಬಳ್ಳಿಗೆ ಬಂದರೆ ಒಟ್ಟು 80ರ ಸುಮಾರು. ಅಂದರೆ ಒಂದು ಕಡೆಗೆ 20ಕ್ಕಿಂತ ಜಾಸ್ತಿ ಕಿ.ಮೀ. ಹೆಚ್ಚು. ನಿಮ್ಮ ಕಾರು ಲೀಟರಿಗೆ 15 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಹತ್ತಿರ ಹತ್ತಿರ ಒಂದೂವರೆ ಲೀಟರ್ ಪೆಟ್ರೋಲ್, ನೂರು ರೂಪಾಯಿ ಲೀಟರ್ ಅಂದರೂ 150 ರೂಪಾಯಿ. ಅರ್ಧ ತಾಸು ಹೊತ್ತು ಬೇರೆ ಹೋಗುತ್ತದೆ. ಟೋಲ್ ಎಷ್ಟು ಅಂತ ನಿಮ್ಮ ಫಾಸ್ಟ್ಯಾಗ್ ಮೆಸೇಜ್ ತೆಗೆದು ಇದರ ಪಕ್ಕದಲ್ಲಿಟ್ಟು ನೋಡಿ. ಹೋದ ದಿನವೇ ವಾಪಸ್ ಬರುತ್ತೀರಿ ಅಲ್ವಾ? 24 ತಾಸಿನೊಳಗೆ ಮರಳಿದರೆ ಎರಡು ಸಲದ ಟೋಲ್ ಇಲ್ಲ, ಒಂದೂವರೆ ಪಟ್ಟು ಮಾತ್ರ.

ಜಾಸ್ತಿ ಓಡಾಡುವವರಿಗೆ ವರ್ಷದ ಪಾಸ್ ಬಂದಿದೆ. 2025ರ ಆಗಸ್ಟ್ 15ರಿಂದ. ಶುರುವಾದಾಗ 3000 ರೂಪಾಯಿ ಇತ್ತು, ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ, ನನ್ನಂಥ ಹಳದಿ ಬೋರ್ಡಿನವರಿಗೆ ಇಲ್ಲ. ಆ ಬೆಲೆಗೆ ಇನ್ನೂರೂ ಮುಗಿಸುವವರಿಗೆ ಒಂದು ಸಲಕ್ಕೆ 15 ರೂಪಾಯಿ ಬಿತ್ತು. ಪಾಸ್ ಇರುವವರು "Avoid tolls" ಆಫ್ ಮಾಡುವುದೇ ಸರಿ. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಪ್ಲಾಜಾಗಳಲ್ಲಿ. ರಾಜ್ಯ ಹೆದ್ದಾರಿಯ ಟೋಲ್‌ನಲ್ಲಿ ಮಾಮೂಲಿ ದುಡ್ಡು ಕಟ್ ಆಗುತ್ತದೆ.

ಅಣ್ಣಿಗೇರಿ ಪಾಟೀಲ

ಪ್ಲಾಜಾದಿಂದ 20 ಕಿ.ಮೀ. ಒಳಗಿನ ಊರಿನವರಾದರೆ ಸ್ವಂತ ಗಾಡಿಗೆ ತಿಂಗಳ ಪಾಸ್ ಕೂಡ ಉಂಟು. ಆಧಾರ್, ಆರ್‌ಸಿ ತೆಗೆದುಕೊಂಡು ಪ್ಲಾಜಾ ಆಫೀಸಿಗೆ ಹೋಗಿ ಕೇಳಬೇಕು. ಗದಗದವರಿಗೆ ಅದು ಸಿಗುವುದು ಕಷ್ಟ, ದೂರ ಆಗುತ್ತದೆ.

ಇನ್ನು ನವಲಗುಂದದ ಸುತ್ತಿನ ಬಗ್ಗೆ ಒಂದು ಮಾತು. ಜೋರು ಮಳೆ ಬಂದಾಗ ಬೆಣ್ಣಿಹಳ್ಳ ಮೇಲೆ ಬರುತ್ತದೆ. ಅಂಥ ದಿನ ಹಳ್ಳ ದಾಟುವ ಸಣ್ಣ ರಸ್ತೆಗಳನ್ನು ಮ್ಯಾಪ್ ನೀಲಿ ಗೆರೆಯಲ್ಲಿ ತೋರಿಸಿದರೂ ನಂಬಬೇಡಿ. ಯಾರಾದರೂ ರಿಪೋರ್ಟ್ ಮಾಡುವ ತನಕ ಅದಕ್ಕೆ ನೀರು ಬಂದದ್ದು ಗೊತ್ತಾಗುವುದಿಲ್ಲ. ನಮ್ಮೂರಿನ ಯಾರಿಗಾದರೂ ಒಂದು ಫೋನ್ ಮಾಡಿ ಕೇಳಿ.

ಗೋಕುಲ ರೋಡ್ ಗೆಳೆಯ

ಟೋಲ್ ವಿಷಯ ಬಂದಿದೆ ಅಂತ ಕೇಳುತ್ತೇನೆ. ನನ್ನ ಗಾಡಿ ಮನೆ ಮುಂದೆ ನಿಂತಿದ್ದಾಗಲೇ ಯಾವುದೋ ಪ್ಲಾಜಾದಲ್ಲಿ ದುಡ್ಡು ಕಟ್ ಆಗಿದೆ. ಮ್ಯಾಪ್‌ನಲ್ಲಿ ಟೋಲ್ ಆಫ್ ಮಾಡಿದ್ದೆ, ಆದರೂ ಹೇಗೆ ಕಟ್ ಆಯಿತು?

ಸ್ಟೇರಿಂಗ್ ಮಾಮಾ

ತಮ್ಮಾ, ಮ್ಯಾಪ್‌ನ ಗುಂಡಿಗೂ ನಿನ್ನ ಫಾಸ್ಟ್ಯಾಗ್‌ಗೂ ನಂಟೇ ಇಲ್ಲ. ಮ್ಯಾಪ್ ದಾರಿ ತೋರಿಸುತ್ತದೆ, ಅಷ್ಟೇ. ನೀನು 1033ಕ್ಕೆ ಫೋನ್ ಮಾಡು, ಟ್ಯಾಗ್ ಕೊಟ್ಟ ಬ್ಯಾಂಕಿಗೂ ದೂರು ಹಾಕು. ಆ ಹೊತ್ತಿಗೆ ಗಾಡಿ ಎಲ್ಲಿತ್ತು ಅನ್ನುವುದಕ್ಕೆ ಫೋಟೊನೋ ಸಿಸಿಟಿವಿನೋ ಇದ್ದರೆ ಇಟ್ಟುಕೋ.

ಬುಲೆಟ್ ಬಸು

ಎಲೆ ವಿಷಯ ಒಪ್ಪಿದೆ. ಆದರೆ "Avoid highways" ಬಗ್ಗೆ ನಾನು ಹೇಳಿದ್ದು ಸರಿ ಅಲ್ವಾ? ಹೆದ್ದಾರಿ ತಪ್ಪಿದರೆ ಟೋಲ್ ತಪ್ಪಿತು.

ನಕ್ಷೆ ಹುಡುಗ

ಅರ್ಧ ಸರಿ ಬಸಣ್ಣಾ. ರಾಜ್ಯ ಹೆದ್ದಾರಿಯಲ್ಲೂ ಕೆಲವು ಕಡೆ ಟೋಲ್ ಇದೆ, ಅಲ್ಲಿ ನಿಮ್ಮ ಲೆಕ್ಕ ಕೆಡುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹೆದ್ದಾರಿ ಅಂದರೆ ಯಾವುದು ಅಂತ ನಾವು ತಿಳಿದಿರುವುದೇ ಬೇರೆ, ಆ್ಯಪ್ ತಿಳಿದಿರುವುದೇ ಬೇರೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಭಾರತದ ರಸ್ತೆಗಳಿಗೆ ಗುರುತು ಹೀಗಿರುತ್ತದೆ.

```
highway=motorway    ಎಕ್ಸ್‌ಪ್ರೆಸ್‌ವೇ
highway=trunk       ರಾಷ್ಟ್ರೀಯ ಹೆದ್ದಾರಿ
highway=primary     ರಾಜ್ಯ ಹೆದ್ದಾರಿ
highway=track       ಹೊಲದ ದಾರಿ
```

ಈ ನಕ್ಷೆಯನ್ನೇ ಬಳಸುವ ಓಸ್ಮ್ಯಾಂಡ್‌ನಂಥ ಆ್ಯಪ್‌ನಲ್ಲಿ "Avoid motorways" ಆನ್ ಮಾಡಿದರೆ ಅದು ತಪ್ಪಿಸುವುದು ಮೊದಲನೆಯ ಸಾಲನ್ನು. ನಮ್ಮ ಹುಬ್ಬಳ್ಳಿ–ಹಾವೇರಿ 48, ಹುಬ್ಬಳ್ಳಿ–ಗದಗ 67 ಎರಡೂ ಎರಡನೆಯ ಸಾಲಿನವು. ಹಾಗಾಗಿ ಗುಂಡಿ ಆನ್ ಇದ್ದರೂ ದಾರಿ ಒಂದಿಷ್ಟೂ ಬದಲಾಗುವುದಿಲ್ಲ. ಆ್ಯಪ್ ಕೆಟ್ಟಿದೆ ಅಂತ ಜನ ಬೈಯುತ್ತಾರೆ. ಕೆಟ್ಟಿಲ್ಲ. ನಮ್ಮ ಮೂರ್ನಾಲ್ಕು ಜಿಲ್ಲೆಯಲ್ಲಿ ಅದು ತಪ್ಪಿಸಬೇಕಾದ ರಸ್ತೆಯೇ ಇಲ್ಲ.

ಗೂಗಲ್‌ನಲ್ಲಿ ಹಾಗಲ್ಲ, ಅದೇ ಗುಂಡಿಗೆ ದಾರಿ ಬದಲಾಗುವುದನ್ನು ನಾನು ನೋಡಿದ್ದೇನೆ. ಆದರೆ ಅಲ್ಲೂ ಅದು ಅಪ್ಪಣೆ ಅಲ್ಲ, ಕೋರಿಕೆ. ಬೇರೆ ದಾರಿ ತೀರಾ ಸುತ್ತಾದರೆ ಹೆದ್ದಾರಿಯನ್ನೇ ತೋರಿಸುತ್ತದೆ. ಟೋಲ್ ಇರುವ ದಾರಿ ತೋರಿಸಿದಾಗ ಟೋಲ್ ಇದೆ ಅಂತ ಕೆಳಗೆ ಒಂದು ಸಾಲು ಬರೆದಿರುತ್ತದೆ. "Start" ಒತ್ತುವ ಮೊದಲು ಅದನ್ನು ಓದಿ.

ಬ್ಯಾಡಗಿ ಮೆಣಸಿನಕಾಯಿ

ಹಾವೇರಿ ಕಡೆಯ ಮಾತು ಬಂತಲ್ಲ, ನನ್ನದೂ ಒಂದು. ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿಗೆ ಟಾಟಾ ಏಸ್ ಕಳಿಸುತ್ತೇವೆ. ಡ್ರೈವರ್ ಹೊಸಬ. ಬಂಕಾಪುರ ಟೋಲ್ ಉಳಿಸುತ್ತೇನೆ ಅಂತ ಸವಣೂರಿನ ಮೇಲೆ ಶಿಗ್ಗಾಂವಿಗೆ ಬರುತ್ತಾನೆ. ಲೋಡ್ ಗಾಡಿಗೆ ಮ್ಯಾಪ್‌ನಲ್ಲಿ ಬೇರೆ ಮೋಡ್ ಇದೆಯಾ?

ಸ್ಟೇರಿಂಗ್ ಮಾಮಾ

ಗೂಗಲ್‌ನಲ್ಲಿ ಲಾರಿ ಮೋಡ್ ಇಲ್ಲ ಸಾವ್ಕಾರ. ಕಾರಿನ ದಾರಿಯನ್ನೇ ತೋರಿಸುತ್ತದೆ. ಎತ್ತರ, ತೂಕ ಅದಕ್ಕೆ ಲೆಕ್ಕವಿಲ್ಲ. ಏಸ್‌ಗೆ ಅಷ್ಟೇನೂ ತೊಂದರೆ ಆಗಲಿಕ್ಕಿಲ್ಲ. ದೊಡ್ಡ ಗಾಡಿಯಾದರೆ ರೈಲ್ವೆ ಕೆಳಸೇತುವೆ ಹತ್ತಿರ ಎತ್ತರದ ಕಮಾನು ನೋಡಿಕೊಂಡೇ ಹೋಗಬೇಕು. ನಿಮ್ಮ ಹುಡುಗ ಬೈಕ್ ಮೋಡ್ ಇಟ್ಟುಕೊಂಡಿದ್ದಾನೋ ಏನೋ ಒಮ್ಮೆ ನೋಡಿ. ಎಷ್ಟೋ ಹುಡುಗರು ಸ್ವಂತ ಬೈಕಿಗೆ ಹಾಕಿದ ಮೋಡ್‌ನಲ್ಲೇ ಗಾಡಿ ಓಡಿಸುತ್ತಾರೆ.

ಬ್ಯಾಡಗಿ ಮೆಣಸಿನಕಾಯಿ

ಕೇಳಿ ನೋಡಿದೆ. ಬೈಕ್ ಮೋಡೇ ಇತ್ತು! ಹೊತ್ತು ಕಡಿಮೆ ತೋರಿಸುತ್ತದೆ ಅಂತ ಅದನ್ನು ಇಟ್ಟುಕೊಂಡಿದ್ದನಂತೆ.

ಸ್ಟೇರಿಂಗ್ ಮಾಮಾ

ಅದೇ ನೋಡಿ. ಗೂಗಲ್‌ನ ಬೈಕ್ ಮೋಡ್ 2017ರ ಡಿಸೆಂಬರ್‌ನಲ್ಲಿ ಮೊದಲು ಭಾರತಕ್ಕೇ ಬಂತು. ಕಾರು ಹೋಗದ ಓಣಿಯಲ್ಲೂ ಅದು ದಾರಿ ಹುಡುಕುತ್ತದೆ. ಟ್ರಾಫಿಕ್‌ನಲ್ಲಿ ಬೈಕು ಸಂದಿಯಲ್ಲಿ ಹೋಗುತ್ತದೆ ಅಂತ ಹೊತ್ತನ್ನೂ ಬೇರೆ ಲೆಕ್ಕ ಹಾಕುತ್ತದೆ. ಆ ಹೊತ್ತು ಬೈಕಿಗೆ ಸರಿ. ಏಸ್ ತೆಗೆದುಕೊಂಡು ಹಳೇ ಹುಬ್ಬಳ್ಳಿಯ ಓಣಿಗೆ ನುಗ್ಗಿದರೆ ಹಿಂದೆ ಬರಲಿಕ್ಕೂ ಆಗುವುದಿಲ್ಲ, ಮುಂದೆ ಹೋಗಲಿಕ್ಕೂ ಆಗುವುದಿಲ್ಲ. ಮನೆಯವರೆಲ್ಲ ಹೊರಗೆ ಬಂದು ಸ್ಕೂಟರ್ ಸರಿಸಿ ದಾರಿ ಮಾಡಿಕೊಡಬೇಕು. ಮೊದಲು ವಾಹನದ ಚಿತ್ರ ಸರಿ ಇದೆಯಾ ಅಂತ ನೋಡಿ, ಟೋಲ್ ಗೀಲ್ ಎಲ್ಲ ಆಮೇಲೆ.

ಬಸು, ನಿನಗೂ ಒಂದು. ಬೈಕಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಿದ್ದರೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಹತ್ತಬೇಡ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೊ, ಟ್ರಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಂಥ ಕಡೆ ಬೈಕ್ ಮೋಡ್ ಇದ್ದರೆ ಅನುಕೂಲ. ಆದರೂ ಬೋರ್ಡ್ ನೋಡಿಕೊಂಡೇ ಹೋಗು.

ಸಾಧನಕೇರಿ ಸೈಕಲ್

ಅಪ್ಪನ ಸೈಕಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ಗೂಗಲ್‌ನ ಸೈಕಲ್ ಮೋಡ್ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಇಲ್ಲದ ಕಡೆ ಆ ಚಿತ್ರ ಬರುವುದೇ ಇಲ್ಲ. ಅಪ್ಪನ ಫೋನ್ ಕೆಟ್ಟಿಲ್ಲ.

ಹಾಗಂತ ಜನ ನಡಿಗೆ ಮೋಡ್ ಹಾಕಿಕೊಂಡು ಸೈಕಲ್ ಹೊಡೆಯುತ್ತಾರೆ. ಊರೊಳಗೆ ಸುಮಾರಾಗಿ ನಡೆಯುತ್ತದೆ, ಆದರೆ ಅದರಲ್ಲಿ ಎರಡು ತೊಂದರೆ. ನಡೆಯುವವರಿಗೆ ಒನ್‌ವೇ ಇಲ್ಲ, ಹಾಗಾಗಿ ಒನ್‌ವೇಯಲ್ಲಿ ಎದುರಿಗೆ ಹೋಗು ಅನ್ನುತ್ತದೆ. ಮೆಟ್ಟಿಲು, ಪಾದಚಾರಿ ಮೇಲ್ಸೇತುವೆಗಳನ್ನೂ ದಾರಿ ಅಂತ ಎಣಿಸುತ್ತದೆ. ಸೈಕಲ್ ಹೆಗಲ ಮೇಲೆ ಹೊತ್ತುಕೊಂಡು ಹತ್ತಬೇಕಾಗುತ್ತದೆ. ಹೊತ್ತಿನ ಲೆಕ್ಕ ತಾಸಿಗೆ ಐದು ಕಿ.ಮೀ. ಅಂದಾಜಿನಲ್ಲಿ ಇರುತ್ತದೆ, ಅದನ್ನು ಮೂರರಿಂದ ಭಾಗಿಸಿಕೊಂಡರೆ ಸೈಕಲ್‌ಗೆ ಸರಿಸುಮಾರು ಆಗುತ್ತದೆ. ಹಾಗಂತ ಬೈಕ್ ಮೋಡ್ ಹಾಕಿದರೆ ಗೋಕುಲ ರೋಡಿನ ಲಾರಿಗಳ ಮಧ್ಯೆ ತಳ್ಳುತ್ತದೆ.

ನಾನು ಓಸ್ಮ್ಯಾಂಡ್‌ನ ಸೈಕಲ್ ಪ್ರೊಫೈಲ್ ಬಳಸುತ್ತೇನೆ. ಧಾರವಾಡದಲ್ಲಿ ಸಪ್ತಾಪುರ, ವಿಶ್ವವಿದ್ಯಾಲಯ, ಕೆಲಗೇರಿ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಹುಬ್ಬಳ್ಳಿಗೆ ಹೋಗುವಾಗ ಮಾತ್ರ ಕಷ್ಟ. ಪಿ.ಬಿ. ರಸ್ತೆ ಬಿಟ್ಟರೆ ನೇರ ದಾರಿ ಇಲ್ಲ. ನಡುವೆ ಚಿಗರಿ ಬಸ್ಸಿನ ಲೇನ್, ಅದರಲ್ಲಿ ನಮಗೆ ಪ್ರವೇಶ ಇಲ್ಲ. ಎಡ ಅಂಚಿನಲ್ಲಿ ನಿಂತ ಕಾರು, ಆಟೊ. ಯಾವ ಗುಂಡಿ ಒತ್ತಿದರೂ ಇದಕ್ಕೆ ಪರಿಹಾರ ಇಲ್ಲ ಬಿಡಿ.

ಗಬ್ಬೂರು–ನರೇಂದ್ರ ಬೈಪಾಸ್ ಕಡೆ ಸೈಕಲ್ ತಿರುಗಿಸಬೇಡಿ, ದಯವಿಟ್ಟು. ಲಾರಿಗಳ ವೇಗವೇ ಬೇರೆ.

ನಿವೃತ್ತ ಮೇಷ್ಟ್ರು ಧಾರವಾಡ

ನಡಿಗೆಯ ಬಗ್ಗೆ ನನ್ನ ಅನುಭವ ಕೇಳಿ. ಬೆಳಗಿನ ವಾಕಿಂಗ್‌ಗೆ ಮೊಮ್ಮಗಳು ಮ್ಯಾಪ್ ಹಾಕಿಕೊಟ್ಟಿದ್ದಳು. ರಸ್ತೆಯ ಆಚೆ ಬದಿಯ ಔಷಧಿ ಅಂಗಡಿಗೆ ಎರಡು ನಿಮಿಷ ಅಂತ ತೋರಿಸಿತು. ಪಿ.ಬಿ. ರಸ್ತೆಯ ನಡುವಿನ ಕಬ್ಬಿಣದ ಬೇಲಿ ಅದಕ್ಕೆ ಕಾಣಲಿಲ್ಲ ಅಂತ ಕಾಣುತ್ತದೆ. ಸಿಗ್ನಲ್ ತನಕ ಹೋಗಿ ದಾಟಿ ವಾಪಸ್ ಬಂದೆ. ನನ್ನ ಮೊಣಕಾಲಿಗೆ ಗೊತ್ತು ಎಷ್ಟು ನಿಮಿಷ ಅಂತ. ಆ ಬೇಲಿಯನ್ನು ನಕ್ಷೆಯಲ್ಲಿ ಹಾಕಲು ಆಗುವುದಿಲ್ಲವೇ?

ನಕ್ಷೆ ಹುಡುಗ

ಹಾಕಬಹುದು ಸರ್. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೇಲಿಯನ್ನು `barrier=fence` ಅಂತ ಗೆರೆ ಎಳೆಯಬೇಕು, ದಾಟುವ ಜಾಗವನ್ನು `highway=crossing` ಅಂತ ಗುರುತಿಸಬೇಕು. ನಿಮ್ಮ ಸಿಗ್ನಲ್ ಯಾವುದು ಹೇಳಿ, ನೋಡುತ್ತೇನೆ.

ಅಕ್ಕನ ಮೊದಲ ಪ್ರಶ್ನೆಗೆ ಇನ್ನೊಂದು ಉಪಾಯ ಇದೆ. ಟೋಲ್ ತಪ್ಪಿಸಲೇಬೇಕು, ಆದರೆ ದಾರಿ ನೀವು ಹೇಳಿದ್ದೇ ಆಗಬೇಕು ಅಂದರೆ "Add stop" ಹಾಕಿ. ನವಲಗುಂದದ ಮೇಲೆ ಬರುವುದಾದರೆ ನವಲಗುಂದವನ್ನು ನಡುವಿನ ನಿಲ್ದಾಣ ಮಾಡಿ. ಊರಿನ ಹೆಸರು ಹುಡುಕಿ ಹಾಕಿದರೆ ಬಸ್ ಸ್ಟ್ಯಾಂಡೋ ಪೇಟೆಯೋ ಎಲ್ಲೋ ಒಳಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮುಖ್ಯ ರಸ್ತೆಯ ಮೇಲೇ ಬೆರಳು ಒತ್ತಿ ಹಿಡಿದು ಪಿನ್ ಹಾಕಿ, ಅದನ್ನು ನಿಲ್ದಾಣ ಮಾಡಿ. ಕಂಪ್ಯೂಟರ್‌ನಲ್ಲಿ ಇನ್ನೂ ಸುಲಭ. ನೀಲಿ ಗೆರೆಯನ್ನೇ ಹಿಡಿದು ಬೇಕಾದ ರಸ್ತೆಗೆ ಎಳೆಯಬಹುದು.

ಓಸ್ಮ್ಯಾಂಡ್‌ನಲ್ಲಾದರೆ "Avoid unpaved roads" ಅಂತ ಬೇರೆಯೇ ಗುಂಡಿ ಇದೆ. ಟೋಲ್ ಗುಂಡಿಯ ಜೊತೆಗೆ ಅದನ್ನೂ ಆನ್ ಮಾಡಿದರೆ ನಿಮ್ಮ ಆಸೆಯ ಹತ್ತಿರಕ್ಕೆ ಬರುತ್ತದೆ. ಇಂಥ ರಸ್ತೆ ಬೇಡ ಅಂತ ನಕ್ಷೆಯ ಮೇಲೆ ಮುಟ್ಟಿ ಹೇಳಲೂ ಬರುತ್ತದೆ. ಆದರೆ ರಸ್ತೆಗೆ `surface=unpaved` ಥರದ ಗುರುತು ಯಾರಾದರೂ ಬರೆದಿದ್ದರೆ ಮಾತ್ರ ಆ ಗುಂಡಿಗೆ ಅದು ಮಣ್ಣಿನ ದಾರಿ ಅಂತ ಗೊತ್ತಾಗುವುದು. ನಮ್ಮ ಕಡೆ ಹಳ್ಳಿ ರಸ್ತೆಗಳಿಗೆ ಹಾಗೆ ಬರೆದವರು ಕಡಿಮೆ.

ಐಟಿ ಪಾರ್ಕ್ ಹುಡುಗಿ

ಅಮ್ಮ-ಅಪ್ಪನ ಫೋನಿಗೆ ನಾನು ಮಾಡಿಕೊಟ್ಟಿದ್ದು ಹೇಳುತ್ತೇನೆ. ಆಂಡ್ರಾಯ್ಡ್‌ನಲ್ಲಿ ಶಾರ್ಟ್‌ಕಟ್ ಮಾಡುವ ಆ್ಯಪ್ ಒಂದನ್ನು ಹಾಕಿ, ಅದರಲ್ಲಿ ಈ ಸಾಲು ಕೊಟ್ಟರೆ ಹೋಮ್ ಸ್ಕ್ರೀನ್‌ನಲ್ಲಿ ಒಂದು ಚಿತ್ರ ಬರುತ್ತದೆ. ಒತ್ತಿದರೆ ನೇರ ನ್ಯಾವಿಗೇಶನ್ ಶುರು.

```
google.navigation:q=Hubballi+Railway+Station&mode=d
google.navigation:q=Hubballi+Railway+Station&mode=d&avoid=t
```

`d` ಅಂದರೆ ಕಾರು, `l` ಬೈಕು, `w` ನಡಿಗೆ, `b` ಸೈಕಲ್. `avoid` ಮುಂದೆ `t` ಹಾಕಿದರೆ ಟೋಲ್, `h` ಹಾಕಿದರೆ ಹೆದ್ದಾರಿ. ಅಪ್ಪನ ಸ್ಕೂಟರ್‌ಗೆ ಒಂದು ಚಿತ್ರ, ಕಾರಿಗೆ ಇನ್ನೊಂದು. ಯಾವ ಮೋಡ್ ಅಂತ ಅವರು ಹುಡುಕುವ ಕೆಲಸವೇ ಇಲ್ಲ.

ಬುಲೆಟ್ ಬಸು

ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಒತ್ತಿದೆ, ಏನೂ ಆಗಲಿಲ್ಲ.

ಐಟಿ ಪಾರ್ಕ್ ಹುಡುಗಿ

ಅಲ್ಲಿ ಒತ್ತಿದರೆ ಆಗುವುದಿಲ್ಲ ಅಣ್ಣಾ, ಅದಕ್ಕೇ ಶಾರ್ಟ್‌ಕಟ್ ಆ್ಯಪ್ ಅಂದೆ. ಐಫೋನ್‌ನಲ್ಲೂ ಈ ಸಾಲು ನಡೆಯುವುದಿಲ್ಲ.

ಮತ್ತೊಂದು, ಹಳ್ಳಿ ಕಡೆ ಸಿಗ್ನಲ್ ಹೋಗುತ್ತದೆ ಅಂತ ಗೂಗಲ್‌ನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಂಡವರಿಗೆ. ಆಫ್‌ಲೈನ್‌ನಲ್ಲಿ ಕಾರಿನ ದಾರಿ ಬರುತ್ತದೆ, ನಡಿಗೆ, ಸೈಕಲ್ ದಾರಿ ಬರುವುದಿಲ್ಲ. ಟ್ರಾಫಿಕ್ಕೂ ಇಲ್ಲ, ಬೇರೆ ದಾರಿಗಳನ್ನೂ ತೋರಿಸುವುದಿಲ್ಲ. ಹೊರಡುವ ಮೊದಲು ನೆಟ್ ಇರುವಾಗಲೇ ಪೂರ್ತಿ ದಾರಿ ನೋಡಿಕೊಂಡುಬಿಡಿ.

ಬೆಟಗೇರಿ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಮಾಮಾ ಹೇಳಿದ ಲೆಕ್ಕ ಹಾಕಿ ನೋಡಿದೆ, ಸುತ್ತು ಹಾಕಿದರೆ ನಷ್ಟವೇ. ಟೋಲ್ ಗುಂಡಿ ಆಫ್ ಮಾಡಿದ್ದೇನೆ. ವರ್ಷದ ಪಾಸ್ ಬಗ್ಗೆ ಮನೆಯಲ್ಲಿ ಮಾತಾಡಬೇಕು. ನಮ್ಮ ತಮ್ಮ ಮಾತ್ರ ಒಪ್ಪುತ್ತಿಲ್ಲ, ಆ ಹಳ್ಳಿ ರಸ್ತೆ ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ ಅಂತಾನೆ.

ಅಣ್ಣಿಗೇರಿ ಪಾಟೀಲ

ಬೇಸಿಗೆಯಲ್ಲಿ ಇರುತ್ತದೆ, ಸುಳ್ಳಲ್ಲ. ಆದರೆ ಸುಗ್ಗಿಯ ಹೊತ್ತಿಗೆ ಕಡಲೆ, ಜೋಳದ ಟ್ರಾಕ್ಟರ್ ಎದುರು ಬಂದರೆ ಯಾರು ಹಿಂದೆ ಸರಿಯಬೇಕು ಅಂತ ತಮ್ಮನಿಗೆ ಕೇಳಿ.

ನಕ್ಷೆ ಹುಡುಗ

ಅಕ್ಕಾ, ಹೆದ್ದಾರಿ ಬಿಟ್ಟ ಜಾಗ ನೆನಪಿದ್ದರೆ ಪಿನ್ ಕಳಿಸಿ. ಮಣ್ಣು ಶುರುವಾಗುವ ಜಾಗದಿಂದ ಆ ಗೆರೆಯನ್ನು `highway=track` ಮಾಡುತ್ತೇನೆ. ಗೂಗಲ್‌ನಲ್ಲಿ ನೀವೇ ಹೇಳಬೇಕು, "Edit the map" ಒಳಗೆ "Add or fix a road" ಅಂತ ಇದೆ. ಅಲ್ಲಿ ಬರೆದದ್ದು ಯಾವಾಗ ಸರಿಯಾಗುತ್ತದೆ ಅನ್ನುವುದು ಅವರ ಕೈಲಿದೆ.

ಬುಲೆಟ್ ಬಸು

ನಾನು ಎರಡೂ ಗುಂಡಿ ಆಫ್ ಮಾಡಿ ಹಾವೇರಿಗೆ ಹೋಗಿ ಬಂದೆ. ಬೇಗ ಮುಟ್ಟಿದೆ, ಒಪ್ಪಿದೆ. ಆದರೆ ತಡಸದ ಹತ್ತಿರ ಮ್ಯಾಪ್ ಒಮ್ಮೆ ಸರ್ವಿಸ್ ರಸ್ತೆಯಲ್ಲಿದ್ದೀಯ ಅನ್ನುತ್ತದೆ, ಒಮ್ಮೆ ಹೆದ್ದಾರಿಯಲ್ಲಿದ್ದೀಯ ಅನ್ನುತ್ತದೆ. ನಾನು ಹೆದ್ದಾರಿಯಲ್ಲೇ ಇದ್ದೆ. ಇದಕ್ಕೇನು ಗುಂಡಿ?

ಸ್ಟೇರಿಂಗ್ ಮಾಮಾ

ಅದಕ್ಕೆ ಗುಂಡಿ ಇಲ್ಲ. ಜಿಪಿಎಸ್ ಅಂದರೆ ಐದು-ಹತ್ತು ಮೀಟರ್ ಆಚೀಚೆ ಆಗುವುದೇ. ಎರಡೂ ರಸ್ತೆ ಪಕ್ಕ ಪಕ್ಕ ಇರುವಾಗ ಅದು ಊಹೆ ಮಾಡುತ್ತದೆ. "ಬಲಕ್ಕೆ ಹೋಗಿ ಹೆದ್ದಾರಿ ಸೇರಿ" ಅಂದರೆ ಹೆದರಬೇಡ, ಕಣ್ಣು ರಸ್ತೆ ಮೇಲಿರಲಿ.

ಸಾಧನಕೇರಿ ಸೈಕಲ್

ಹುಬ್ಬಳ್ಳಿಯವರಿಗೆ ಒಂದು ಪ್ರಶ್ನೆ. ಉಣಕಲ್ ನಾಲಾ ಪಕ್ಕದಲ್ಲಿ ಮಾಡಿದ ಸೈಕಲ್ ದಾರಿ ಎಲ್ಲಿಂದ ಎಲ್ಲಿಯವರೆಗೆ ಈಗ ತೆರೆದಿದೆ? ಗೇಟ್ ಹಾಕಿರುತ್ತಾರಾ? ನಕ್ಷೆಯಲ್ಲಿ ಹಾಕುವ ಮೊದಲು ಯಾರಾದರೂ ಸೈಕಲ್ ಮೇಲೆ ಹೋಗಿ ಬಂದವರು ಹೇಳಿ.